ಹರಳು ಕಂಡದ್ದು, ನೀರು ಕಂಡದ್ದು

1984ರ ಮೇ 14ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದು ಸೆಮಿನಾರ್ ಮುಗಿದು ಚರ್ಚೆ ನಡೆಯುತ್ತಿತ್ತು. ಒಂದು ಕಡೆ ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಕುರ್ಟ್ ವ್ಯೂಟ್ರಿಖ್, ಇನ್ನೊಂದು ಕಡೆ ಮ್ಯೂನಿಕ್ ಬಳಿಯ ಮಾಕ್ಸ್ ಪ್ಲಾಂಕ್ ಸಂಸ್ಥೆಯ ರಾಬರ್ಟ್ ಹೂಬರ್. ವ್ಯೂಟ್ರಿಖ್ ಅವರ ತಂಡ ಆಗಷ್ಟೇ ಒಂದು ಪ್ರೋಟೀನಿನ ಮೂರು ಆಯಾಮದ ಆಕಾರವನ್ನು ಹರಳು ಬೆಳೆಸದೆ, ನೀರಿನಲ್ಲಿ ಕರಗಿದ ಸ್ಥಿತಿಯಲ್ಲಿಯೇ ಕಂಡುಹಿಡಿದಿತ್ತು. ಅದು ಹೋರಿಯ ವೀರ್ಯದಲ್ಲಿ ಸಿಗುವ 57 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಬಳಸಿದ ವಿಧಾನ ಎನ್‌ಎಮ್‌ಆರ್, ಅಂದರೆ ಬೈಜಿಕ ಕಾಂತೀಯ ಅನುರಣನ.

ಆ ಫಲಿತಾಂಶವನ್ನು ಕೇಳಿದವರಲ್ಲಿ ಹಲವರು ನಂಬಲಿಲ್ಲ. ಅವರ ಅನುಮಾನ ಬರೀ ಹಟದ್ದಾಗಿರಲಿಲ್ಲ. ಅದೇ ಕುಟುಂಬದ ಇನ್ನೊಂದು ಪ್ರೋಟೀನಿನ ರಚನೆಯನ್ನು ಎಕ್ಸ್-ಕಿರಣದವರು ಮೊದಲೇ ಬಿಡಿಸಿದ್ದರು. ಗೊತ್ತಿದ್ದ ಉತ್ತರವನ್ನು ನೋಡಿಕೊಂಡೇ ಲೆಕ್ಕ ಮಾಡಿರಬಹುದಲ್ಲ ಎಂಬುದು ಅವರ ಪ್ರಶ್ನೆ. ಆಗ ಹೂಬರ್ ಒಂದು ದಾರಿ ಸೂಚಿಸಿದರು. ಯಾರೂ ಇದುವರೆಗೆ ಆಕಾರ ಕಂಡಿರದ ಒಂದು ಹೊಸ ಪ್ರೋಟೀನನ್ನು ಆರಿಸಿಕೊಳ್ಳೋಣ. ನೀವು ಎನ್‌ಎಮ್‌ಆರ್‌ನಿಂದ ಬಿಡಿಸಿ, ನಾವು ಎಕ್ಸ್-ಕಿರಣದಿಂದ ಬಿಡಿಸುತ್ತೇವೆ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಆರಿಸಿದ ಪ್ರೋಟೀನಿನ ಹೆಸರು ಟೆಂಡಮಿಸ್ಟಾಟ್. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಇದನ್ನು ತಯಾರಿಸುತ್ತದೆ. ನಾವು ತಿನ್ನುವ ಅನ್ನ, ಮುದ್ದೆ, ರೊಟ್ಟಿಯ ಪಿಷ್ಟವನ್ನು ಒಡೆಯುವ ಆಲ್ಫಾ ಅಮೈಲೇಸ್ ಎಂಬ ಕಿಣ್ವವನ್ನು ಇದು ಗಟ್ಟಿಯಾಗಿ ಹಿಡಿದು ನಿಲ್ಲಿಸಿಬಿಡುತ್ತದೆ. ಸಕ್ಕರೆ ಕಾಯಿಲೆಗೆ ಉಪಯೋಗವಾದೀತೇ ಎಂದು ಹೆಕ್ಸ್ಟ್ ಎಂಬ ಔಷಧ ಕಂಪನಿ ಇದರ ಮೇಲೆ ಕೆಲಸ ಮಾಡುತ್ತಿತ್ತು. ಆ ಕಂಪನಿಯ ವಿಜ್ಞಾನಿಗಳೇ ಎರಡೂ ತಂಡಗಳಿಗೆ ಧಾರಾಳವಾಗಿ ಸಾಮಗ್ರಿ ಕೊಟ್ಟರು. 74 ಅಮೈನೋ ಆಮ್ಲಗಳ ಒಂದೇ ಸರಪಳಿ, ನಡುವೆ ಎರಡು ಕಡೆ ಗಂಧಕದ ಗಂಟು. ಆ ಸರಪಳಿ ಹೇಗೆ ಮಡಚಿಕೊಂಡಿದೆ ಎಂಬುದೇ ಪ್ರಶ್ನೆ.

ಅಳತೆಯ ವಿಷಯ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಲ್ಲಿಯ ಮೂಲಮಾನ ಆಂಗ್‌ಸ್ಟ್ರಾಮ್. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ಒಂದಕ್ಕೊಂದು ಬಂಧವಿರುವ ಎರಡು ಇಂಗಾಲದ ಪರಮಾಣುಗಳ ನಡುವಿನ ದೂರ ಸುಮಾರು ಒಂದೂವರೆ ಆಂಗ್‌ಸ್ಟ್ರಾಮ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ನಾಲ್ಕು ಸಾವಿರದಿಂದ ಏಳು ಸಾವಿರ ಆಂಗ್‌ಸ್ಟ್ರಾಮ್. ಅಷ್ಟು ಒರಟು ಅಲೆಯಿಂದ ಇಷ್ಟು ಸಣ್ಣ ವಿವರ ಸಿಗುವುದಿಲ್ಲ. ಹೀಗಾಗಿ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿರಲಿ, ಬೆಳಕಿನಿಂದ ಪರಮಾಣುಗಳನ್ನು ಬಿಡಿಬಿಡಿಯಾಗಿ ಕಾಣಲಾಗದು.

ಎಕ್ಸ್-ಕಿರಣದ ಅಲೆಯುದ್ದ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಪ್ರಯೋಗಾಲಯದ ತಾಮ್ರದ ಮೂಲದಿಂದ ಹೊರಡುವ ಕಿರಣದ್ದು 1.54 ಆಂಗ್‌ಸ್ಟ್ರಾಮ್. ಆದರೆ ಒಂದೇ ಒಂದು ಅಣುವಿನಿಂದ ಚದುರಿ ಬರುವ ಕಿರಣ ತೀರಾ ದುರ್ಬಲ. ಅದಕ್ಕೇ ಹರಳು ಬೇಕು. ಎಲ್ಲ ಅಣುಗಳೂ ಒಂದೇ ಭಂಗಿಯಲ್ಲಿ, ಒಂದೇ ಅಂತರದಲ್ಲಿ ಸಾಲುಗಟ್ಟಿ ನಿಂತಿರಬೇಕು. ಟೆಂಡಮಿಸ್ಟಾಟಿನಷ್ಟು ಚಿಕ್ಕ ಪ್ರೋಟೀನಾದರೆ, ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಅಗಲದ ಹರಳಿನಲ್ಲಿ ನೂರಾರು ಲಕ್ಷ ಕೋಟಿ ಅಣುಗಳು ಹಿಡಿಸುತ್ತವೆ. ಅವೆಲ್ಲ ಒಟ್ಟಾಗಿ ಚದುರಿಸಿದಾಗ ಕೆಲವು ದಿಕ್ಕುಗಳಲ್ಲಿ ಅಲೆಗೆ ಅಲೆ ಸೇರಿ ಬಲಗೊಳ್ಳುತ್ತದೆ, ಮಿಕ್ಕ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದೆ ಇಟ್ಟ ಫಲಕದ ಮೇಲೆ ಸಾವಿರಾರು ಚುಕ್ಕೆಗಳು ಮೂಡುತ್ತವೆ.

ಹರಳು ಬೆಳೆಸುವುದು ಕಲ್ಲುಸಕ್ಕರೆ ಕಟ್ಟಿಸಿದ ಹಾಗೆಯೇ, ಆದರೆ ಅದಕ್ಕಿಂತ ಬಹಳ ನಾಜೂಕು. ಸಾಮಾನ್ಯವಾಗಿ ಮಾಡುವುದು ಹೀಗೆ. ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ಒಂದೊಂದು ಗುಳಿಯಲ್ಲಿ ಒಂದೊಂದು ಹದದ ಉಪ್ಪಿನ ದ್ರಾವಣ. ಗಾಜಿನ ಚೂರಿನ ಮೇಲೆ ಒಂದು ಮೈಕ್ರೋಲೀಟರ್ ಪ್ರೋಟೀನ್ ದ್ರಾವಣ, ಅದಕ್ಕೆ ಅಷ್ಟೇ ಗುಳಿಯ ದ್ರಾವಣ ಬೆರೆಸಿ, ಗಾಜನ್ನು ಬೋರಲಾಗಿ ಗುಳಿಯ ಮೇಲೆ ಮುಚ್ಚಿ ಅಂಚಿಗೆ ಗ್ರೀಸ್ ಹಚ್ಚುತ್ತಾರೆ. ಹನಿ ಕೆಳಮುಖವಾಗಿ ನೇತಾಡುತ್ತದೆ. ಹನಿಯಲ್ಲಿ ಉಪ್ಪು ಅರ್ಧದಷ್ಟೇ ಇರುವುದರಿಂದ ಅದರ ನೀರು ಆವಿಯಾಗಿ ನಿಧಾನಕ್ಕೆ ಗುಳಿಗೆ ಇಳಿಯುತ್ತದೆ, ಹನಿ ಗಟ್ಟಿಯಾಗುತ್ತಾ ಹೋಗುತ್ತದೆ, ಪ್ರೋಟೀನಿಗೆ ಕರಗಿರಲು ಜಾಗ ಸಾಲದೆ ಹೊರಬೀಳತೊಡಗುತ್ತದೆ. ಅವಸರವಾದರೆ ಒಡೆದ ಹಾಲಿನಂತೆ ಗಸಿಯಾಗಿ ಕೂರುತ್ತದೆ. ಹದ ಕೂಡಿಬಂದರೆ ಕೆಲವು ದಿನಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ, ಸೂಕ್ಷ್ಮದರ್ಶಕದಡಿಯಲ್ಲಿ ಚೂಪು ಅಂಚಿನ ಒಂದು ಹರಳು ಹೊಳೆಯುತ್ತದೆ.

ಆಗಲೂ ಒಂದು ಅನುಮಾನ ಉಳಿದೇ ಇರುತ್ತದೆ: ಇದು ಪ್ರೋಟೀನೋ, ಬರೀ ಉಪ್ಪೋ? ಹಳೆಯ ಪರೀಕ್ಷೆ ಎಂದರೆ ಸಣ್ಣ ಸೂಜಿಯಿಂದ ಒತ್ತುವುದು. ಉಪ್ಪಿನ ಹರಳು ಗಟ್ಟಿ, ಸೂಜಿಗೆ ಜಗ್ಗುವುದಿಲ್ಲ, ಒಡೆದರೂ ಚಟ್ಟೆಂದು ಸಿಡಿಯುತ್ತದೆ. ಪ್ರೋಟೀನಿನದು ಮೆತ್ತಗೆ ಪುಡಿಯಾಗುತ್ತದೆ, ಏಕೆಂದರೆ ಅದರ ಹೊಟ್ಟೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಈ ನೀರಿನ ಮಾತನ್ನು ನೆನಪಿಟ್ಟುಕೊಳ್ಳಿ. ಹರಳಿನೊಳಗಿನ ಪ್ರೋಟೀನು ಒಣಗಿ ಸತ್ತ ವಸ್ತುವಲ್ಲ. ಎಷ್ಟೋ ಕಿಣ್ವಗಳು ಹರಳಿನೊಳಗೂ ತಮ್ಮ ಕೆಲಸ ಮಾಡುತ್ತವೆ.

ಚುಕ್ಕೆಗಳು ಸಿಕ್ಕಮೇಲೆ ನಿಜವಾದ ಕಷ್ಟ ಶುರು. ಪ್ರತಿ ಚುಕ್ಕೆಯೂ ಒಂದು ಅಲೆ. ಆ ಅಲೆ ಎಷ್ಟು ಎತ್ತರ ಎಂಬುದು ಚುಕ್ಕೆ ಎಷ್ಟು ಗಾಢವಾಗಿದೆ ಎಂಬುದರಿಂದ ತಿಳಿಯುತ್ತದೆ. ಆದರೆ ಅದರ ಉಬ್ಬು ಮೊದಲು ಬಂತೇ, ತಗ್ಗು ಮೊದಲು ಬಂತೇ ಎಂಬ ಮಾಹಿತಿ, ಅಂದರೆ ಅಲೆಯ ಫೇಸ್, ಫಲಕದಲ್ಲಿ ದಾಖಲಾಗುವುದೇ ಇಲ್ಲ. ಕೆರೆಗೆ ಹತ್ತು ಕಲ್ಲು ಬಿದ್ದಿವೆ, ದಡಕ್ಕೆ ಬಡಿದ ಅಲೆಗಳ ಎತ್ತರವನ್ನು ಯಾರೋ ಬರೆದಿಟ್ಟಿದ್ದಾರೆ, ಯಾವುದು ಯಾವ ಕ್ಷಣಕ್ಕೆ ಬಡಿಯಿತೆಂದು ಬರೆದಿಲ್ಲ. ಆ ಪಟ್ಟಿಯಿಂದ ಕಲ್ಲುಗಳು ಬಿದ್ದ ಜಾಗ ಹುಡುಕಿ ಎಂದರೆ ಹೇಗೆ? ಎತ್ತರವೊಂದರಿಂದ ಆಗದು.

1950ರ ದಶಕದಲ್ಲಿ ಕೇಂಬ್ರಿಜ್‌ನ ಮಾಕ್ಸ್ ಪೆರುಟ್ಜ್ ಇದಕ್ಕೆ ದಾರಿ ಕಂಡುಕೊಂಡರು. ಪ್ರೋಟೀನಿನ ಹರಳಿಗೆ ಪಾದರಸದಂಥ ಒಂದು ಭಾರವಾದ ಪರಮಾಣುವನ್ನು ಹೀರಿಸುವುದು. ಅದರಲ್ಲಿ ಎಲೆಕ್ಟ್ರಾನುಗಳು ಹೆಚ್ಚು, ಹಾಗಾಗಿ ಚುಕ್ಕೆಗಳ ಗಾಢತೆ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ. ಪಾದರಸವಿಲ್ಲದ ಹರಳು, ಇರುವ ಹರಳು, ಎರಡರ ವ್ಯತ್ಯಾಸದಿಂದ ಮೊದಲು ಆ ಭಾರದ ಪರಮಾಣು ಎಲ್ಲಿದೆ ಎಂದು ಹುಡುಕಿ, ಅದನ್ನು ಗೂಟದಂತೆ ಇಟ್ಟುಕೊಂಡು ಉಳಿದ ಅಲೆಗಳ ಫೇಸ್ ಅಂದಾಜು ಮಾಡುತ್ತಾರೆ. ಈ ದಾರಿಯಲ್ಲಿ ನಡೆದು ಜಾನ್ ಕೆಂಡ್ರೂ 1958ರಲ್ಲಿ ಮಯೋಗ್ಲೋಬಿನ್‌ನ ಆಕಾರ ಬಿಡಿಸಿದರು. ಆಕಾರ ಬಿಡಿಸಿದ ಮೊದಲ ಪ್ರೋಟೀನು ಅದೇ.

ಕೊನೆಗೆ ಕೈಗೆ ಬರುವುದು ಪರಮಾಣುಗಳ ಪಟ್ಟಿಯಲ್ಲ, ಎಲೆಕ್ಟ್ರಾನುಗಳ ಮೋಡ. ಎಲ್ಲಿ ದಟ್ಟ, ಎಲ್ಲಿ ತೆಳು ಎಂಬ ನಕ್ಷೆ. ಮೂರು ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಸರಪಳಿ ಎತ್ತ ಹೋಗಿದೆ ಎಂದು ಗೊತ್ತಾಗುತ್ತದೆ. ಎರಡು ಆಂಗ್‌ಸ್ಟ್ರಾಮ್‌ಗೆ ಬಂದರೆ ಪಕ್ಕದ ಕೊಂಬೆಗಳೂ, ಅಂಟಿಕೊಂಡ ನೀರಿನ ಅಣುಗಳೂ ಬಿಡಿಯಾಗಿ ಕಾಣುತ್ತವೆ. ಹೂಬರ್ ತಂಡ ಟೆಂಡಮಿಸ್ಟಾಟನ್ನು ಬಿಡಿಸಿದ್ದು ಈ ಎರಡು ಆಂಗ್‌ಸ್ಟ್ರಾಮ್ ಮಟ್ಟದಲ್ಲಿ. ಆದರೂ ಈ ನಕ್ಷೆಯಲ್ಲಿ ಎರಡು ಸಂಗತಿ ಸಿಗುವುದಿಲ್ಲ. ಒಂದು, ಓಲಾಡುವ ಭಾಗ. ಒಂದು ತುದಿ ಪ್ರತಿ ಅಣುವಿನಲ್ಲೂ ಬೇರೆ ಬೇರೆ ಕಡೆ ಇದ್ದರೆ, ಎಲ್ಲದರ ಸರಾಸರಿಯಲ್ಲಿ ಅದು ಮಾಸಿಹೋಗುತ್ತದೆ. ಇನ್ನೊಂದು, ಹೈಡ್ರೋಜನ್. ಎಕ್ಸ್-ಕಿರಣವನ್ನು ಚದುರಿಸುವುದು ಎಲೆಕ್ಟ್ರಾನು. ಹೈಡ್ರೋಜನ್ನಿನಲ್ಲಿ ಇರುವುದೇ ಒಂದು. ಒಂದು ಆಂಗ್‌ಸ್ಟ್ರಾಮಿನ ಆಸುಪಾಸಿಗೆ ಹೋಗುವ ಅಪರೂಪದ ಹರಳುಗಳನ್ನು ಬಿಟ್ಟರೆ ಅದು ಕಾಣಿಸುವುದಿಲ್ಲ. ಪ್ರೋಟೀನಿನ ಪರಮಾಣುಗಳಲ್ಲಿ ಹತ್ತಿರಹತ್ತಿರ ಅರ್ಧ ಹೈಡ್ರೋಜನ್ನೇ ಎಂಬುದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ.

ಜೂರಿಕ್‌ನವರು ಕಿವಿಗೊಟ್ಟದ್ದು ಇದೇ ಹೈಡ್ರೋಜನ್ನುಗಳಿಗೆ.

ಹೈಡ್ರೋಜನ್ನಿನ ಬೀಜಕಣ ಒಂದು ಪುಟ್ಟ ಅಯಸ್ಕಾಂತ. ಬಲವಾದ ಕಾಂತದ ನಡುವೆ ಇಟ್ಟರೆ ಅದು ಒಂದು ನಿರ್ದಿಷ್ಟ ರೇಡಿಯೋ ಆವರ್ತನಕ್ಕೆ ಮಾತ್ರ ಸ್ಪಂದಿಸುತ್ತದೆ. ಅಂದಿನ ಒಳ್ಳೆಯ ಯಂತ್ರಗಳಲ್ಲಿ ಇದು ಸೆಕೆಂಡಿಗೆ 50 ಕೋಟಿ ಸಲ, ಅಂದರೆ 500 ಮೆಗಾಹರ್ಟ್ಸ್. ಅದಕ್ಕೆ ಬೇಕಾದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಎರಡು ಲಕ್ಷ ಪಟ್ಟಿಗೂ ಮೇಲು. ದ್ರವ ಹೀಲಿಯಂನಲ್ಲಿ ಮುಳುಗಿಸಿದ ಸುರುಳಿಯಿಂದ ಅದನ್ನು ಪಡೆಯುತ್ತಾರೆ. ಮಾದರಿ ಮಾತ್ರ ತೀರಾ ಸರಳ: ಬೆರಳಿಗಿಂತ ತೆಳುವಾದ ಗಾಜಿನ ಕೊಳವೆ, ಅದರಲ್ಲಿ ಅರ್ಧ ಮಿಲಿಲೀಟರ್ ನೀರು, ನೀರಿನಲ್ಲಿ ಕೆಲವು ಮಿಲಿಗ್ರಾಂ ಪ್ರೋಟೀನು.

ಎಲ್ಲ ಹೈಡ್ರೋಜನ್ನುಗಳೂ ಒಂದೇ ಆವರ್ತನಕ್ಕೆ ಸ್ಪಂದಿಸಿದ್ದರೆ ಈ ವಿಧಾನದಿಂದ ಏನೂ ತಿಳಿಯುತ್ತಿರಲಿಲ್ಲ. ಸುತ್ತಲಿನ ಎಲೆಕ್ಟ್ರಾನುಗಳು ಒಂದೊಂದು ಬೀಜಕಣಕ್ಕೂ ಒಂದೊಂದು ಬಗೆಯ ಮರೆ ಕಟ್ಟುವುದರಿಂದ ಒಂದೊಂದರ ದನಿಯೂ ಕೂದಲೆಳೆಯಷ್ಟು ಬೇರೆ. ಆದರೆ 74 ಅಮೈನೋ ಆಮ್ಲಗಳೆಂದರೆ ಹಲವು ನೂರು ಹೈಡ್ರೋಜನ್ನುಗಳು. ಒಂದೇ ಗೆರೆಯಲ್ಲಿ ಹಾಕಿದ ಸ್ಪೆಕ್ಟ್ರಮ್ ಸಂತೆಯ ಗದ್ದಲದಂತೆ ಒಂದರ ಮೇಲೊಂದು ಬಿದ್ದಿರುತ್ತದೆ. ಇದನ್ನು ಬಿಡಿಸಲು ಅದೇ ಇಟಿಎಚ್‌ನ ರಿಚರ್ಡ್ ಅರ್ನ್ಸ್ಟ್ ಅವರೊಡನೆ ಸೇರಿ ವ್ಯೂಟ್ರಿಖ್ ಎರಡು ಆಯಾಮದ ಸ್ಪೆಕ್ಟ್ರಮ್‌ಗಳನ್ನು ಪ್ರೋಟೀನಿಗೆ ಒಗ್ಗಿಸಿದರು. ಇದರಲ್ಲಿ ಗೆರೆಯ ಬದಲು ಒಂದು ಚೌಕ ಹಾಳೆ. ಹಾಳೆಯ ಮೇಲೆ ಒಂದು ಚುಕ್ಕೆ ಬಿತ್ತೆಂದರೆ, ಅಡ್ಡಗೆರೆಯ ಈ ಹೈಡ್ರೋಜನ್ನಿಗೂ ಉದ್ದಗೆರೆಯ ಆ ಹೈಡ್ರೋಜನ್ನಿಗೂ ಸಂಬಂಧವಿದೆ ಎಂದು ಅರ್ಥ.

ಸಂಬಂಧ ಎರಡು ಬಗೆ. ಕೋಸಿ ಎಂಬ ಹಾಳೆ ರಾಸಾಯನಿಕ ಬಂಧದ ಮೂಲಕ ಸೇರಿದವರನ್ನು ತೋರಿಸುತ್ತದೆ. ಇದು ಮನೆಯೊಳಗಿನ ನೆಂಟಸ್ತನ. ನೋಯೆಸಿ ಎಂಬ ಹಾಳೆ, ಬಂಧವಿರಲಿ ಬಿಡಲಿ, ಬರೀ ಜಾಗದಲ್ಲಿ ಹತ್ತಿರ ಇರುವವರನ್ನು ತೋರಿಸುತ್ತದೆ. ಇದು ನೆರೆಹೊರೆ. ಈ ನೆರೆಹೊರೆಯ ಸೂಚನೆ ದೂರದೊಂದಿಗೆ ಬಹಳ ಬೇಗ ಕುಂದುತ್ತದೆ: ದೂರ ಎರಡು ಪಟ್ಟಾದರೆ ಬಲ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಐದು ಆಂಗ್‌ಸ್ಟ್ರಾಮ್ ದಾಟಿದರೆ ಬಹುಮಟ್ಟಿಗೆ ಏನೂ ಕೇಳುವುದಿಲ್ಲ. ಹೀಗಾಗಿ ನೋಯೆಸಿ ಹಾಳೆಯಲ್ಲಿ ಚುಕ್ಕೆ ಕಂಡರೆ ಆ ಇಬ್ಬರೂ ಒಂದೇ ಗೋಡೆಯ ಆಚೀಚೆ ಇದ್ದಾರೆ ಎಂದೇ ಲೆಕ್ಕ.

ಮೊದಲ ಕೆಲಸ, ಯಾವ ದನಿ ಯಾರದು ಎಂದು ಗುರುತಿಸುವುದು. ಟೆಂಡಮಿಸ್ಟಾಟಿನ ಸರಪಳಿಯಲ್ಲಿ 18, 19, 20ನೆಯ ಸ್ಥಾನಗಳಲ್ಲಿ ಟ್ರಿಪ್ಟೊಫ್ಯಾನ್, ಆರ್ಜಿನಿನ್, ಟೈರೊಸಿನ್ ಇವೆ. ಅಮೈಲೇಸನ್ನು ಹಿಡಿಯುವ ಕೈ ಇದೇ ಮೂರರದು. ಟ್ರಿಪ್ಟೊಫ್ಯಾನಿನ ಬೆನ್ನೆಲುಬಿನ ಇಂಗಾಲದ ಮೇಲಿರುವ ಹೈಡ್ರೋಜನ್ನು ಮುಂದಿನ ಆರ್ಜಿನಿನ್ನಿನ ಸಾರಜನಕದ ಮೇಲಿರುವ ಹೈಡ್ರೋಜನ್ನಿಗೆ ಹತ್ತಿರವಾದ್ದರಿಂದ ನೋಯೆಸಿಯಲ್ಲಿ ಒಂದು ಚುಕ್ಕೆ. ಅಲ್ಲಿಂದ ಆರ್ಜಿನಿನ್ನಿನ ಒಳಗೆ ಕೋಸಿ ಹಿಡಿದು ನಡೆದರೆ ಅದರ ಸ್ವಂತ ಇಂಗಾಲದ ಹೈಡ್ರೋಜನ್, ಅಲ್ಲಿಂದ ಮತ್ತೆ ನೋಯೆಸಿ ಹಿಡಿದು ಟೈರೊಸಿನ್ನಿಗೆ. ಹೀಗೆ ಒಂದು ಹಾಳೆಯಿಂದ ಇನ್ನೊಂದಕ್ಕೆ ದಾಟುತ್ತಾ ಸರಪಳಿಯುದ್ದಕ್ಕೂ ಹೋಗಬೇಕು. ಪ್ರೋಲಿನ್ ಬಂದಲ್ಲಿ ದಾರಿ ಕಡಿಯುತ್ತದೆ, ಏಕೆಂದರೆ ಸರಪಳಿಯೊಳಗಿನ ಪ್ರೋಲಿನ್ನಿನ ಸಾರಜನಕದ ಮೇಲೆ ಹೈಡ್ರೋಜನ್ನೇ ಇಲ್ಲ. ಆಚೆಯಿಂದ ಮತ್ತೆ ಶುರುಮಾಡಿ ಎರಡು ತುಂಡುಗಳನ್ನು ಜೋಡಿಸಬೇಕು. ಈ ಕೆಲಸವನ್ನು ಆಗ ದೊಡ್ಡ ಕಾಗದದ ಹಾಳೆಗಳ ಮೇಲೆ ಪೆನ್ಸಿಲು, ಅಳತೆಪಟ್ಟಿ ಹಿಡಿದು ತಿಂಗಳುಗಟ್ಟಲೆ ಮಾಡುತ್ತಿದ್ದರು.

ಹೆಸರುಗಳು ಸಿಕ್ಕಮೇಲೆ ಮಿಕ್ಕ ಚುಕ್ಕೆಗಳ ಬೆಲೆ ತಿಳಿಯುತ್ತದೆ. ಸರಪಳಿಯಲ್ಲಿ ದೂರದೂರ ಇರುವ ಎರಡು ಆಮ್ಲಗಳ ನಡುವೆ ಚುಕ್ಕೆ ಕಂಡರೆ ಸರಪಳಿ ಅಲ್ಲಿ ಮಡಚಿ ಹತ್ತಿರ ಬಂದಿರಲೇಬೇಕು. ಇಂಥ ನೂರಾರು ದೂರಗಳ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟು, ಇವೆಲ್ಲವನ್ನೂ ಪಾಲಿಸುವ ಆಕಾರ ಹುಡುಕು ಎನ್ನುತ್ತಾರೆ. ಊರಿನ ನಕ್ಷೆ ಯಾರ ಬಳಿಯೂ ಇಲ್ಲ, ಯಾರ ಮನೆ ಯಾರ ಮನೆಗೆ ಹತ್ತಿರ ಎಂಬ ಪಟ್ಟಿ ಮಾತ್ರ ಇದೆ. ಪಟ್ಟಿ ಸಾಕಷ್ಟು ಉದ್ದವಿದ್ದರೆ ಊರನ್ನು ಬರೆಯಬಹುದು. ಆದರೆ ಒಂದೇ ಸಲ ಬರೆದರೆ ಸಾಲದು. ಪ್ರತಿ ಸಲವೂ ಬೇರೆ ಆರಂಭದಿಂದ ಹೊರಟು ಹತ್ತಾರು ಸಲ ಬರೆಯುತ್ತಾರೆ. ಎಲ್ಲವೂ ಒಂದೇ ಆಕಾರಕ್ಕೆ ಬಂದು ಸೇರಿದರೆ ಪಟ್ಟಿ ಗಟ್ಟಿ. ಅದಕ್ಕೇ ಎನ್‌ಎಮ್‌ಆರ್ ರಚನೆ ಒಂದೇ ಚಿತ್ರವಾಗಿ ಬರುವುದಿಲ್ಲ, ಒಂದರ ಮೇಲೊಂದು ಇಟ್ಟ ಇಪ್ಪತ್ತೋ ಮೂವತ್ತೋ ಗೆರೆಗಳ ಕಟ್ಟಾಗಿ ಬರುತ್ತದೆ.

1986ರಲ್ಲಿ ಎರಡೂ ತಂಡಗಳು ತಮ್ಮ ತಮ್ಮ ಟೆಂಡಮಿಸ್ಟಾಟನ್ನು ಪ್ರಕಟಿಸಿದವು. ಹರಳಿನಲ್ಲಿದ್ದದ್ದೂ ನೀರಿನಲ್ಲಿದ್ದದ್ದೂ ಒಂದೇ ಆಕಾರ. ತಲಾ ಮೂರು ಎಳೆಗಳ ಎರಡು ಪಟ್ಟಿಗಳು ಎದುರುಬದುರು ಬಾಗಿ ಮಾಡಿಕೊಂಡ ಒಂದು ಪೀಪಾಯಿ. ಮೂರು ವರ್ಷದ ಬಳಿಕ ಎರಡನ್ನೂ ಒಂದರ ಮೇಲೊಂದು ಇಟ್ಟು ಸೂಕ್ಷ್ಮವಾಗಿ ಹೋಲಿಸಿದಾಗ, ಎರಡು ತುದಿಗಳನ್ನು ಬಿಟ್ಟರೆ ಬೆನ್ನೆಲುಬಿನ ವ್ಯತ್ಯಾಸ ಸರಾಸರಿ ಒಂದು ಆಂಗ್‌ಸ್ಟ್ರಾಮಿನಷ್ಟೇ ಇತ್ತು. ಪರಮಾಣು ಎಂಬುದನ್ನೇ ಬೇರೆ ಬೇರೆ ಗುಣದಿಂದ ಅಳೆಯುವ ಎರಡು ವಿಧಾನಗಳು ಇವು. ಒಂದಕ್ಕೆ ಎಲೆಕ್ಟ್ರಾನಿನ ದಟ್ಟಣೆ ಗೊತ್ತು, ನೆರೆಹೊರೆ ಗೊತ್ತಿಲ್ಲ. ಇನ್ನೊಂದಕ್ಕೆ ನೆರೆಹೊರೆ ಗೊತ್ತು, ಎಲೆಕ್ಟ್ರಾನಿನ ಮೋಡವನ್ನು ಅದು ಕಂಡೇ ಇಲ್ಲ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುವ ದಾರಿಯೇ ಇರಲಿಲ್ಲ. ಆ ಒಪ್ಪಂದಕ್ಕೆ ತೂಕ ಬಂದದ್ದು ಇದರಿಂದ.

ನನಗೆ ಆ ಹೋಲಿಕೆಯಲ್ಲಿ ಹೊಂದಿದ ಭಾಗಕ್ಕಿಂತ ಹೊಂದದ ಭಾಗವೇ ಹೆಚ್ಚು ಕಲಿಸುತ್ತದೆ ಅನ್ನಿಸುತ್ತದೆ. ಪ್ರೋಟೀನಿನ ಒಡಲೊಳಗೆ ಹುದುಗಿದ ಕೊಂಬೆಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಕಡೆ ಇದ್ದವು. ಮೇಲ್ಮೈಯ ಕೊಂಬೆಗಳು ಹಾಗಿರಲಿಲ್ಲ. ಹರಳಿನಲ್ಲಿ ಅವು ಒಂದು ಭಂಗಿಯಲ್ಲಿ ನಿಂತಿದ್ದವು, ನೀರಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಕಾರಣ ಊಹಿಸಬಹುದು. ಹರಳಿನಲ್ಲಿ ಪಕ್ಕದ ಅಣು ಮೈಗೆ ತಾಗಿ ಕೂತಿರುತ್ತದೆ, ತುಂಬಿದ ಬಸ್ಸಿನಲ್ಲಿ ಕೈ ಆಡಿಸಲು ಜಾಗವಿಲ್ಲದ ಹಾಗೆ. ನೀರಿನಲ್ಲಿ ಆ ಒತ್ತಡವಿಲ್ಲ. ಆದರೆ ಇಲ್ಲಿ ಎಚ್ಚರವೂ ಬೇಕು. ಎನ್‌ಎಮ್‌ಆರ್ ಕಟ್ಟಿನಲ್ಲಿ ಗೆರೆಗಳು ಹರಡಿಕೊಂಡಿದ್ದರೆ ಆ ಭಾಗ ನಿಜವಾಗಿ ಓಲಾಡುತ್ತಿದೆ ಎಂದೂ ಇರಬಹುದು, ಅಲ್ಲಿಯ ಚುಕ್ಕೆಗಳು ಸಾಕಷ್ಟು ಸಿಗಲಿಲ್ಲ ಎಂದೂ ಇರಬಹುದು. ಚಿತ್ರ ನೋಡಿ ಇದನ್ನು ಹೇಳಲಾಗದು. ಬೀಜಕಣಗಳು ಮತ್ತೆ ತಣ್ಣಗಾಗಲು ಎಷ್ಟು ಹೊತ್ತು ಹಿಡಿಯುತ್ತವೆ ಎಂದು ಬೇರೆಯಾಗಿ ಅಳೆದರೆ ಮಾತ್ರ ಚಲನೆಯೋ ಕೊರತೆಯೋ ಎಂದು ತೀರ್ಮಾನವಾಗುತ್ತದೆ.

ಅದೇ 1989ರಲ್ಲಿ ಎರಡೂ ಕಡೆಯವರು ಕೂಡಿ ಇನ್ನೊಂದು ಕೆಲಸ ಮಾಡಿದರು. ಜೂರಿಕ್‌ನ ಎನ್‌ಎಮ್‌ಆರ್ ಆಕಾರವನ್ನೇ ಆರಂಭದ ಅಂದಾಜಾಗಿ ಇಟ್ಟುಕೊಂಡು, ಟೆಂಡಮಿಸ್ಟಾಟ್ ಹರಳಿನ ಚುಕ್ಕೆಗಳ ಫೇಸ್ ಸಮಸ್ಯೆಯನ್ನು ಬಿಡಿಸಿದರು. ಪಾದರಸದ ಗೂಟವಿಲ್ಲದೆ ನೀರಿನಲ್ಲಿ ಕಂಡದ್ದೇ ಹರಳಿಗೆ ಗೂಟವಾಯಿತು.

ಹೀಗಿದ್ದರೆ ಹರಳಿನ ತಾಪತ್ರಯವನ್ನೇ ಬಿಟ್ಟು ಎಲ್ಲವನ್ನೂ ನೀರಿನಲ್ಲಿ ಬಿಡಿಸಬಾರದೇಕೆ? ತಡೆ ಪ್ರೋಟೀನಿನ ಗಾತ್ರ. ದೊಡ್ಡ ಅಣು ನೀರಿನಲ್ಲಿ ನಿಧಾನವಾಗಿ ಹೊರಳುತ್ತದೆ. ನಿಧಾನವಾದಷ್ಟೂ ಅದರ ಸಂಕೇತ ಬೇಗ ಸಾಯುತ್ತದೆ, ಗೆರೆ ಅಗಲವಾಗಿ ಪಕ್ಕದ ಗೆರೆಯಲ್ಲಿ ಕಲೆಯುತ್ತದೆ. ಟೆಂಡಮಿಸ್ಟಾಟ್ ಎಂಟು ಸಾವಿರ ಡಾಲ್ಟನ್ ತೂಕದ್ದು. ಸಾರಜನಕ, ಇಂಗಾಲಗಳ ಭಾರದ ಐಸೋಟೋಪುಗಳನ್ನು ಉಣಿಸಿ ಬೆಳೆಸಿದ ಪ್ರೋಟೀನಿನಲ್ಲಿ ಇಪ್ಪತ್ತೈದು ಮೂವತ್ತು ಸಾವಿರದವರೆಗೆ ದಾರಿ ಸುಗಮ. 1997ರಲ್ಲಿ ವ್ಯೂಟ್ರಿಖ್ ತಂಡವೇ ತಂದ ಟ್ರೋಸಿ ಎಂಬ ಉಪಾಯ ಇನ್ನೂ ದೊಡ್ಡ ಅಣುಗಳ ದನಿಯನ್ನೂ ಕೇಳಿಸುತ್ತದೆ, ಆದರೆ ಪೂರ್ತಿ ಆಕಾರ ಬಿಡಿಸುವುದು ಅಲ್ಲಿ ಇಂದಿಗೂ ಕಡುಕಷ್ಟ.

ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಇದೆ. ಕಡಲೆಕಾಯಿ ಬೀಜದಲ್ಲಿ ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿಯುವ ಒಂದು ಪ್ರೋಟೀನ್, ಲೆಕ್ಟಿನ್, ಇದೆ. ನಾಲ್ಕು ಒಂದೇ ತೆರನ ತುಂಡುಗಳು ಸೇರಿ ಒಟ್ಟು ಸುಮಾರು 1,10,000 ಡಾಲ್ಟನ್. ಎನ್‌ಎಮ್‌ಆರ್‌ಗೆ ಇದು ಕೈಗೆಟುಕದ ಗಾತ್ರ. ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಕಿನ್ ಅವರೊಡನೆ ಇನ್ಸುಲಿನ್ ರಚನೆಗೆ ದುಡಿದು ಬಂದಿದ್ದ ಎಂ. ವಿಜಯನ್ ಅವರ ಗುಂಪು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದರ ಹರಳನ್ನು 1980ರ ದಶಕದ ಆರಂಭದಲ್ಲೇ ಬೆಳೆಸಿತು, ರಚನೆ ಪ್ರಕಟವಾದದ್ದು 1994ರಲ್ಲಿ. ಕಾದದ್ದಕ್ಕೆ ತಕ್ಕ ಫಲವೂ ಸಿಕ್ಕಿತು. ನಾಲ್ಕು ಒಂದೇ ತೆರನ ತುಂಡುಗಳು ಸೇರಿದರೆ ಅಚ್ಚುಕಟ್ಟಾದ ಸಮ್ಮಿತಿ ಇರುತ್ತದೆ ಎಂಬುದು ಎಲ್ಲರ ನಿರೀಕ್ಷೆ. ಕಡಲೆಕಾಯಿ ಲೆಕ್ಟಿನ್ ಅದನ್ನು ಪಾಲಿಸಿರಲಿಲ್ಲ.

ಹಾಗಾದರೆ ಇವೆರಡರಲ್ಲಿ ಒಂದು ತಪ್ಪು ಉತ್ತರ ಕೊಟ್ಟರೆ ಹೇಗೆ ಗೊತ್ತಾಗುತ್ತದೆ? ಎರಡಕ್ಕೂ ಇರುವ ಒಂದು ಸಾಮಾನ್ಯ ಜರಡಿ ರಾಮಚಂದ್ರನ್ ನಕ್ಷೆ. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಇದನ್ನು ರೂಪಿಸಿದರು. ಮುಂದೆ ಬೆಂಗಳೂರಿಗೆ ಬಂದು ಅಣು ಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದವರೂ ಅವರೇ. ಬೆನ್ನೆಲುಬು ಪ್ರತಿ ಆಮ್ಲದ ಬಳಿ ಎರಡು ಕೋನಗಳಲ್ಲಿ ತಿರುಗುತ್ತದೆ. ಕೆಲವು ಜೋಡಿ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಹಾಗಾಗಿ ಅವು ನಿಷಿದ್ಧ. ಪ್ರಕಟಿಸಿದ ರಚನೆಯಲ್ಲಿ ಬಹಳ ಚುಕ್ಕೆಗಳು ನಿಷಿದ್ಧ ಜಾಗದಲ್ಲಿ ಬಿದ್ದರೆ ಎಲ್ಲೋ ಎಡವಿದ್ದಾರೆ ಎಂದು ಅರ್ಥ. ಎಕ್ಸ್-ಕಿರಣದವರು 1992ರಿಂದ ಇನ್ನೊಂದು ಪರೀಕ್ಷೆಯನ್ನೂ ಇಟ್ಟುಕೊಂಡಿದ್ದಾರೆ: ಚುಕ್ಕೆಗಳಲ್ಲಿ ನೂರಕ್ಕೆ ಐದು ಹತ್ತನ್ನು ಮೊದಲೇ ತೆಗೆದಿಟ್ಟು, ಅವನ್ನು ಬಳಸದೆ ಕಟ್ಟಿದ ಮಾದರಿ ಅವನ್ನೂ ಸರಿಯಾಗಿ ಹೇಳುತ್ತದೆಯೇ ಎಂದು ನೋಡುವುದು. ಮಾದರಿಯನ್ನು ಬಲವಂತವಾಗಿ ಚುಕ್ಕೆಗಳಿಗೆ ಹೊಂದಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಎನ್‌ಎಮ್‌ಆರ್‌ನಲ್ಲಿ ಒಂದು ಚುಕ್ಕೆಗೆ ತಪ್ಪು ಹೆಸರು ಹಚ್ಚಿದರೆ, ಆ ದೂರವನ್ನು ಪಾಲಿಸಲು ಹೋದ ಆಕಾರ ಹತ್ತಾರು ಬೇರೆ ದೂರಗಳನ್ನು ಮುರಿಯುತ್ತದೆ.

ಟೆಂಡಮಿಸ್ಟಾಟ್ ಹೊಂದಿಬಂದ 1986ರಲ್ಲೇ ಹೊಂದದ ಒಂದು ಪ್ರಕರಣವೂ ಹುಟ್ಟಿತು. ಅದರ ಹೆಸರು ಮೆಟಲೋಥಯೊನೀನ್. ಇಲಿಯ ಯಕೃತ್ತಿನಿಂದ ಪಡೆದ 61 ಆಮ್ಲಗಳ ಪ್ರೋಟೀನು. ಅದರಲ್ಲಿ 20 ಸಿಸ್ಟೀನ್‌ಗಳಿವೆ, ಅವು ತಮ್ಮ ಗಂಧಕದ ಕೈಗಳಿಂದ ಏಳು ಲೋಹದ ಪರಮಾಣುಗಳನ್ನು ಹಿಡಿದುಕೊಂಡಿರುತ್ತವೆ. ಅಮೆರಿಕದ ಒಂದು ತಂಡ ಅದರ ಹರಳಿನ ರಚನೆ ಪ್ರಕಟಿಸಿತು. ಜೂರಿಕ್‌ನವರು ನೀರಿನಲ್ಲಿ ಬಿಡಿಸಿದ್ದರು. ಎರಡರಲ್ಲೂ ನಾಲ್ಕು ಲೋಹದ ಒಂದು ಗುಂಪು, ಮೂರು ಲೋಹದ ಇನ್ನೊಂದು ಗುಂಪು. ಆದರೆ ಯಾವ ಸಿಸ್ಟೀನ್ ಯಾವ ಲೋಹವನ್ನು ಹಿಡಿದಿದೆ ಎಂಬ ಪಟ್ಟಿ ತಾಳೆಯಾಗಲಿಲ್ಲ.

ಹರಳಿನಲ್ಲಿ ಒಂದು, ನೀರಿನಲ್ಲಿ ಇನ್ನೊಂದು ಆಕಾರ ಇರಬಹುದೇ? ಈ ಪ್ರಶ್ನೆ ಐದಾರು ವರ್ಷ ತೂಗಾಡಿತು. ಜೂರಿಕ್‌ನವರ ಬಳಿ ಒಂದು ಗಟ್ಟಿ ಆಧಾರವಿತ್ತು. ಕ್ಯಾಡ್ಮಿಯಂ-113 ಎಂಬ ಐಸೋಟೋಪು ಕೂಡ ಎನ್‌ಎಮ್‌ಆರ್‌ನಲ್ಲಿ ಮಾತಾಡುತ್ತದೆ. ಲೋಹಕ್ಕೂ ಸಿಸ್ಟೀನಿನ ಹೈಡ್ರೋಜನ್ನಿಗೂ ಬಂಧದ ಮೂಲಕವೇ ಸಂಬಂಧ ತೋರಿಸುವುದರಿಂದ ಯಾರು ಯಾರನ್ನು ಹಿಡಿದಿದ್ದಾರೆ ಎಂಬುದು ದೂರದ ಅಂದಾಜಲ್ಲ, ನೇರ ಸಾಕ್ಷಿ. ಮೊಲದ, ಮನುಷ್ಯನ ಮೆಟಲೋಥಯೊನೀನನ್ನೂ ಬಿಡಿಸಿದರು. ಅವೂ ಇಲಿಯದನ್ನೇ ಹೋಲುತ್ತಿದ್ದವು.

ಕೊನೆಗೆ ಹರಳಿನ ತಂಡದವರೇ ಹಿಂದಕ್ಕೆ ಹೋಗಿ ತಮ್ಮ ಲೆಕ್ಕ ತೆರೆದರು. ದೋಷ ಸಿಕ್ಕಿದ್ದು ಫೇಸ್ ಹುಡುಕುವ ಮೊದಲ ಹೆಜ್ಜೆಯಲ್ಲೇ. ಅವರ ಹರಳಿನಲ್ಲಿ ಏಳು ಲೋಹಗಳ ಪೈಕಿ ಐದು ಕ್ಯಾಡ್ಮಿಯಂ, ಎರಡು ಸತು. ಗೂಟವಾಗಿ ಬಳಸಿದ್ದು ಆ ಐದು ಕ್ಯಾಡ್ಮಿಯಂಗಳನ್ನು. ದುರದೃಷ್ಟಕ್ಕೆ ಹರಳಿನೊಳಗೆ ಆ ಪರಮಾಣುಗಳು ನಿಂತಿದ್ದ ರೀತಿ ಹೇಗಿತ್ತೆಂದರೆ, ನಡುವಿನ ಒಂದು ಬಿಂದುವಿನ ಸುತ್ತ ಇಡೀ ವಿನ್ಯಾಸವನ್ನು ತಿರುವುಮುರುವು ಮಾಡಿದರೂ ಹೆಚ್ಚುಕಡಿಮೆ ಅದೇ ವಿನ್ಯಾಸ ಬರುತ್ತಿತ್ತು. ಕ್ಯಾಡ್ಮಿಯಂ ಎಕ್ಸ್-ಕಿರಣವನ್ನು ಚದುರಿಸುವಾಗ ಎಡ ಬಲದ ಚುಕ್ಕೆಗಳಲ್ಲಿ ಉಂಟುಮಾಡುವ ಸಣ್ಣ ವ್ಯತ್ಯಾಸವೇ ಅದರ ಜಾಗವನ್ನು ಹುಡುಕಲು ಇರುವ ಸುಳಿವು. ವಿನ್ಯಾಸವೇ ಹೀಗಿದ್ದಾಗ ಆ ಸುಳಿವು ದಾರಿ ತಪ್ಪಿಸಿತು. ಲೋಹಗಳನ್ನು ತಪ್ಪು ಜಾಗದಲ್ಲಿ ನೆಟ್ಟರು, ಅವುಗಳ ಮೇಲೆ ಕಟ್ಟಿದ ಪ್ರೋಟೀನೂ ತಪ್ಪಾಯಿತು.

ಈ ಸಲ ಅವರು ಬೇರೊಂದು ಗಣಿತದ ದಾರಿಯಿಂದ ಕ್ಯಾಡ್ಮಿಯಂ ಜಾಗಗಳನ್ನು ಹುಡುಕಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಟಂಗ್‌ಸ್ಟನ್ ಹೀರಿಸಿದ ಇನ್ನೊಂದು ಹರಳನ್ನು ತೆಗೆದುಕೊಂಡು, ಹೊಸ ಮಾದರಿ ಆ ಟಂಗ್‌ಸ್ಟನ್ ಎಲ್ಲಿದೆ ಎಂದು ಹೇಳಬಲ್ಲುದೇ ಎಂದು ಪರೀಕ್ಷಿಸಿದರು. ಹೇಳಿತು. ತಿರುಗಿ, ಟಂಗ್‌ಸ್ಟನ್‌ನಿಂದ ಹೊರಟು ಲೆಕ್ಕ ಮಾಡಿದರೆ ಹೊಸ ಕ್ಯಾಡ್ಮಿಯಂ ಜಾಗಗಳೇ ಸಿಕ್ಕವು. ಎರಡು ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ಹೊಸ ರಚನೆಯಲ್ಲಿ ನಾಲ್ಕು ಲೋಹದ ಗುಂಪಿಗೆ 11 ಸಿಸ್ಟೀನ್, ಮೂರು ಲೋಹದ ಗುಂಪಿಗೆ ಒಂಬತ್ತು. ಹಿಡಿದ ಕೈಗಳ ಪಟ್ಟಿ ಜೂರಿಕ್‌ನದರ ಜೊತೆ ಸರಿಹೊಂದಿತು. ಹಿಂದೆ ಪ್ರಕಟಿಸಿದ ಲೋಹದ ಜಾಗಗಳೂ ಅವುಗಳಿಂದ ಕಟ್ಟಿದ ಮಾದರಿಯೂ ತಪ್ಪು ಎಂದು ಅವರು ತಮ್ಮ ಲೇಖನದಲ್ಲಿ ನೇರವಾಗಿಯೇ ಬರೆದರು.

1992ರಲ್ಲಿ ಇಲಿಯ ಮೆಟಲೋಥಯೊನೀನಿನ ಎರಡು ರಚನೆಗಳನ್ನು ಹೋಲಿಸುವ ಒಂದು ಲೇಖನ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಅದರ ತಲೆಬರಹದ ಕೆಳಗೆ ಜೂರಿಕ್‌ನವರ ಹೆಸರುಗಳ ನಡುವೆ ಆ ಹರಳನ್ನು ಬಿಡಿಸಿದವರ ಹೆಸರುಗಳೂ ಇದ್ದವು.